ಪೇಮೆಂಟ್ ಫೇಲ್, ದುಡ್ಡು ಎರಡು ಸಲ ಕಟ್: ಬ್ಯಾಂಕಿನ ದೂರು ವಿಭಾಗಕ್ಕೆ ಬರೆಯುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಯುಪಿಐನಲ್ಲಿ ಒಂದು ಪೇಮೆಂಟ್ ಫೇಲ್ ಆಗಿ, ಅದೇ ದುಡ್ಡನ್ನು ಮತ್ತೆ ಕಳಿಸಿ, ಕೊನೆಗೆ ಖಾತೆಯಿಂದ ಎರಡು ಸಲ ಕಟ್ ಆದವರು ಕೇಳುವ ಪ್ರಶ್ನೆಗಳು ಇಲ್ಲಿವೆ. ಹೆಚ್ಚಿನವು ಅಂಗಡಿಗೆ ಕೊಟ್ಟ ದುಡ್ಡಿನ ಬಗ್ಗೆ, ಹಾಗಾಗಿ ಉತ್ತರಗಳೂ ಅದರ ಸುತ್ತಲೇ ಇವೆ. ಎಲ್ಲ ಕಡೆ ಒಂದೇ ಉದಾಹರಣೆ ಇಟ್ಟುಕೊಂಡಿದ್ದೇನೆ: ಮಾರ್ಚ್ 3ರ ಸಂಜೆ ಒಬ್ಬರು ಅಂಗಡಿಯ ಕ್ಯೂಆರ್ ಸ್ಕ್ಯಾನ್ ಮಾಡಿ ₹2,450 ಕಳಿಸಿದರು, ಪೇಮೆಂಟ್ ಫೇಲ್ ಅಂತ ಬಂತು, ನಾಲ್ಕು ನಿಮಿಷ ಬಿಟ್ಟು ಮತ್ತೆ ಕಳಿಸಿದರು, ಅದು ಹೋಯಿತು. ಖಾತೆಯಿಂದ ಹೋಗಿದ್ದು ₹4,900.

## ಮೊದಲು ನೋಡಬೇಕಾದ್ದು

ಫೇಲ್ ಅಂತ ಬಂತು, ಮತ್ತೆ ಕಳಿಸಿದೆ, ಈಗ ಎರಡು ಸಲ ಹೋಗಿದೆ. ಮೊದಲು ಏನು ಮಾಡಲಿ?

ಮೆಸೇಜ್ ನೋಡಿ ನಿರ್ಧಾರ ಮಾಡಬೇಡಿ, ಬ್ಯಾಂಕಿನ ಸ್ಟೇಟ್‌ಮೆಂಟ್ ತೆಗೆಯಿರಿ. ಮಿನಿ ಸ್ಟೇಟ್‌ಮೆಂಟ್ ಅಲ್ಲ, ಆ ದಿನದಿಂದ ಇವತ್ತಿನವರೆಗಿನ ಪೂರ್ತಿ ಸ್ಟೇಟ್‌ಮೆಂಟ್. ಅದರಲ್ಲಿ ಪ್ರತಿ ಯುಪಿಐ ಸಾಲಿನಲ್ಲೂ 12 ಅಂಕಿಯ ಒಂದು ನಂಬರ್ ಇರುತ್ತದೆ. ಅದೇ ಆರ್‌ಆರ್‌ಎನ್. ಕೆಲವು ಆ್ಯಪ್‌ಗಳಲ್ಲಿ ಇದನ್ನೇ ಯುಟಿಆರ್ ಅಂತ ತೋರಿಸುತ್ತಾರೆ. ನಮ್ಮ ಉದಾಹರಣೆಯಲ್ಲಿ ಸಾಲುಗಳು ಹೀಗಿವೆ ಅಂದುಕೊಳ್ಳಿ:

```
03-03  UPI/DR/506214778120   2,450.00
03-03  UPI/DR/506214791365   2,450.00
```

ಈಗ ಮೂರು ವಿಷಯ ನೋಡಿ. ಎರಡು ನಂಬರ್ ಬೇರೆ ಬೇರೆ ಇವೆಯಾ? ಇದ್ದರೆ ಇವು ಎರಡು ಬೇರೆ ವಹಿವಾಟು, ನೀವು ಎರಡು ಸಲ ಪಿನ್ ಒತ್ತಿದ್ದರಿಂದ ಆದವು. ನಂಬರ್ ಒಂದೇ ಇದ್ದರೆ ಅದು ಬೇರೆಯೇ ಕಥೆ, ಅದನ್ನು ಕೊನೆಯಲ್ಲಿ ಹೇಳಿದ್ದೇನೆ. ಮೂರನೆಯದು, ಕೆಳಗಿನ ದಿನಗಳಲ್ಲಿ ಅದೇ ನಂಬರಿಗೆ ದುಡ್ಡು ಜಮಾ ಆದ ಸಾಲು ಇದೆಯಾ ನೋಡಿ. ವಾಪಸ್ ಬಂದ ದುಡ್ಡಿನ ಸಾಲಿನಲ್ಲಿ `REV` ಅಂತಲೋ `CR` ಅಂತಲೋ ಇರುತ್ತದೆ. ಎಷ್ಟೋ ಸಲ ಮರುದಿನವೇ ದುಡ್ಡು ವಾಪಸ್ ಬಂದಿರುತ್ತದೆ, ಆದರೆ ಅದರ ಮೆಸೇಜ್ ಬಂದಿರುವುದಿಲ್ಲ. ಹಾಗಾಗಿ ಪತ್ರ ಬರೆಯುವ ಮೊದಲು ಇದನ್ನು ನೋಡಲೇಬೇಕು.

ಅಂಗಡಿಯವರು ಬಂದಿಲ್ಲ ಅಂತಾರೆ, ಬ್ಯಾಂಕಿನವರು ಹೋಗಿದೆ ಅಂತಾರೆ. ಯಾರು ಹೇಳೋದು ನಿಜ?

ಇಬ್ಬರೂ ನಿಜವನ್ನೇ ಹೇಳುತ್ತಿರಬಹುದು. ಯುಪಿಐನಲ್ಲಿ ದುಡ್ಡು ಎರಡು ಹೆಜ್ಜೆಯಲ್ಲಿ ಹೋಗುತ್ತದೆ. ಮೊದಲು ನಿಮ್ಮ ಬ್ಯಾಂಕು ನಿಮ್ಮ ಖಾತೆಯಿಂದ ಕಳೆಯುತ್ತದೆ. ಆಮೇಲೆ ಯುಪಿಐ ನಡೆಸುವ ಸಂಸ್ಥೆಯಾದ ಎನ್‌ಪಿಸಿಐ ಮೂಲಕ ಅಂಗಡಿಯವರ ಬ್ಯಾಂಕಿಗೆ "ಇಷ್ಟು ಜಮಾ ಮಾಡಿ" ಅಂತ ಸೂಚನೆ ಹೋಗುತ್ತದೆ. ಮೊದಲ ಹೆಜ್ಜೆ ಮುಗಿದು, ಎರಡನೇ ಹೆಜ್ಜೆಗೆ ಆ ಬ್ಯಾಂಕಿನಿಂದ ಸಮಯಕ್ಕೆ ಉತ್ತರ ಬರದಿದ್ದರೆ ವಹಿವಾಟು ನಡುವೆ ನಿಂತುಬಿಡುತ್ತದೆ. ನಿಮ್ಮ ಬ್ಯಾಂಕಿನ ಲೆಕ್ಕದಲ್ಲಿ ದುಡ್ಡು ಹೋಗಿದೆ, ಅಂಗಡಿಯವರ ಲೆಕ್ಕದಲ್ಲಿ ಬಂದಿಲ್ಲ.

ಆಮೇಲೆ ಅಂಗಡಿಯವರ ಬ್ಯಾಂಕು ತನ್ನ ಲೆಕ್ಕ ತಾಳೆ ನೋಡಿ ಎರಡರಲ್ಲಿ ಒಂದನ್ನು ಮಾಡಬೇಕು: ಜಮಾ ಮಾಡಿದ್ದೇವೆ ಅಂತ ದೃಢಪಡಿಸಬೇಕು, ಇಲ್ಲವೇ ದುಡ್ಡನ್ನು ವಾಪಸ್ ಕಳಿಸಬೇಕು. ಮೊದಲನೆಯದನ್ನು ಬ್ಯಾಂಕಿನವರು ಟಿಸಿಸಿ ಅಂತಾರೆ, ಎರಡನೆಯದನ್ನು ರಿಟರ್ನ್ ಅಂತಾರೆ. ಈ ಎರಡು ಪದ ನೆನಪಿಡಿ, ಪತ್ರದಲ್ಲಿ ಬೇಕಾಗುತ್ತವೆ.

ಇಲ್ಲೊಂದು ಎಚ್ಚರಿಕೆ. ಆ್ಯಪ್‌ನಲ್ಲಿ "ಪೆಂಡಿಂಗ್" ಅಂತ ಕಂಡ ಪೇಮೆಂಟ್ ಕೆಲವು ಗಂಟೆ ಬಿಟ್ಟು ಸಕ್ಸಸ್ ಕೂಡ ಆಗಬಹುದು. ಹಾಗಾಗಿ ಸಂಜೆ "ಬಂದಿಲ್ಲ" ಅಂದ ಅಂಗಡಿಯವರನ್ನು ಮರುದಿನ ಇನ್ನೊಂದು ಸಲ ಕೇಳಲೇಬೇಕು. ಕೌಂಟರ್ ಮೇಲಿನ ಸ್ಪೀಕರ್ ಕೂಗಲಿಲ್ಲ ಅನ್ನೋದು ಸಾಕ್ಷಿ ಅಲ್ಲ. ಅವರ ಮರ್ಚೆಂಟ್ ಆ್ಯಪ್‌ನಲ್ಲೋ ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲೋ ಆ 12 ಅಂಕಿ ಹುಡುಕಿಸಿ. ಸಿಗದಿದ್ದರೆ "ಈ ನಂಬರಿನ ದುಡ್ಡು ನಮಗೆ ಬಂದಿಲ್ಲ" ಅಂತ ಒಂದು ವಾಟ್ಸಾಪ್ ಮೆಸೇಜ್ ಹಾಕಿಸಿಕೊಳ್ಳಿ. ಆ ಒಂದು ಸಾಲು ಮುಂದೆ ತುಂಬಾ ಕೆಲಸಕ್ಕೆ ಬರುತ್ತದೆ.

ತಾನಾಗೇ ವಾಪಸ್ ಬರುತ್ತೆ ಅಂತಾರಲ್ಲ, ಎಷ್ಟು ದಿನ ಕಾಯಬೇಕು?

ಇದಕ್ಕೆ ರಿಸರ್ವ್ ಬ್ಯಾಂಕಿನದೇ ಲಿಖಿತ ನಿಯಮ ಇದೆ. 2019ರ ಸೆಪ್ಟೆಂಬರ್ 20ರ ಸುತ್ತೋಲೆ, ಅದೇ ವರ್ಷ ಅಕ್ಟೋಬರ್ 15ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಒಬ್ಬ ವ್ಯಕ್ತಿಗೆ ಕಳಿಸಿದ ಯುಪಿಐ ದುಡ್ಡು ಅವರ ಖಾತೆಗೆ ಸೇರದಿದ್ದರೆ ವಹಿವಾಟಿನ ಮರುದಿನದೊಳಗೆ ವಾಪಸ್ ಬರಬೇಕು. ಅಂಗಡಿಗೆ ಕೊಟ್ಟ ದುಡ್ಡಿಗೆ ಅಂಗಡಿಯಲ್ಲಿ ದೃಢೀಕರಣ ಸಿಗದಿದ್ದರೆ 5 ದಿನದೊಳಗೆ. ಮೊದಲನೆಯದನ್ನು ಟಿ+1, ಎರಡನೆಯದನ್ನು ಟಿ+5 ಅಂತ ಬರೆಯುತ್ತಾರೆ. ಟಿ ಅಂದರೆ ವಹಿವಾಟು ನಡೆದ ಕ್ಯಾಲೆಂಡರ್ ದಿನ. "ಮಧ್ಯೆ ಭಾನುವಾರ ಬಂತು" ಅಂತ ಯಾರಾದರೂ ಹೇಳಿದರೆ ಇದನ್ನು ನೆನಪಿಸಿ.

ಸಣ್ಣ ಅಂಗಡಿಗಳಲ್ಲಿ ಒಂದು ಗೊಂದಲ ಆಗುತ್ತದೆ. ಎಷ್ಟೋ ಕಡೆ ಗೋಡೆಗೆ ಅಂಟಿಸಿದ ಕ್ಯೂಆರ್ ಮಾಲೀಕರ ಸ್ವಂತ ಖಾತೆಯದ್ದಾಗಿರುತ್ತದೆ. ಆಗ ಅದು ವ್ಯಕ್ತಿಗೆ ಕಳಿಸಿದ ಲೆಕ್ಕಕ್ಕೆ ಸೇರಬಹುದು, ಗಡುವು ಒಂದೇ ದಿನ. ನಿಮಗೆ ಯಾವುದು ಅಂತ ಖಾತ್ರಿ ಇಲ್ಲದಿದ್ದರೆ 5 ದಿನದ ಲೆಕ್ಕ ಹಿಡಿಯಿರಿ, ಆಗ ವಾದಕ್ಕೆ ಜಾಗ ಇರುವುದಿಲ್ಲ.

ನಮ್ಮ ಉದಾಹರಣೆಯಲ್ಲಿ ಮಾರ್ಚ್ 3 ಟಿ ಆದರೆ ಮಾರ್ಚ್ 8 ಕೊನೆಯ ದಿನ. 9ರ ಬೆಳಗ್ಗೆ ಸ್ಟೇಟ್‌ಮೆಂಟ್ ನೋಡಿ, ಬಂದಿಲ್ಲ ಅಂದರೆ ಬರೆಯಿರಿ. ಅಲ್ಲಿವರೆಗೆ ಸುಮ್ನೆ ಕೂರಬೇಕಾಗಿಲ್ಲ, ಆ್ಯಪ್‌ನಲ್ಲಿ ಮೊದಲ ದಿನವೇ ದೂರು ಹಾಕಬಹುದು.

ಆ್ಯಪ್‌ನಲ್ಲಿ ದೂರು ಕೊಡಬೇಕಾ, ಬ್ಯಾಂಕಿಗೇ ಬರೀಬೇಕಾ?

ಎರಡನ್ನೂ ಮಾಡಿ. ಆ್ಯಪ್‌ನ ಹಿಸ್ಟರಿಯಲ್ಲಿ ಫೇಲ್ ಆದ ಆ ವಹಿವಾಟನ್ನೇ ತೆರೆದು ಅಲ್ಲಿಂದ ದೂರು ಕೊಟ್ಟರೆ ಅದು ಯುಪಿಐ ವ್ಯವಸ್ಥೆಯ ಒಳಗೇ ದಾಖಲಾಗಿ ಎರಡೂ ಬ್ಯಾಂಕಿಗೆ ತಲುಪುತ್ತದೆ. ಆದರೆ ನಿಮ್ಮ ದುಡ್ಡು ಇರುವುದು ಬ್ಯಾಂಕಿನಲ್ಲಿ. ನಾಳೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್ ಹತ್ತಿರ ಹೋಗುವುದಾದರೆ ಅವರು ಮೊದಲು ಕೇಳುವುದು "ಬ್ಯಾಂಕಿಗೆ ಲಿಖಿತವಾಗಿ ಕೊಟ್ಟಿದ್ದೀರಾ, ಯಾವತ್ತು" ಅಂತ. ಹಾಗಾಗಿ ಖಾತೆ ಇರುವ ಬ್ಯಾಂಕಿನ ದೂರು ವಿಭಾಗಕ್ಕೆ ಇಮೇಲ್ ಅಥವಾ ಅವರ ವೆಬ್‌ಸೈಟಿನ ದೂರು ಫಾರ್ಮ್ ಮೂಲಕ ಬರೆಯಿರಿ. ಶಾಖೆಗೆ ಕೈಯಲ್ಲಿ ಕೊಟ್ಟರೆ ನಿಮ್ಮ ಪ್ರತಿಯ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳಿ. ಫೋನಿನಲ್ಲಿ ಹೇಳಿದ್ದಕ್ಕೆ ದೂರಿನ ನಂಬರ್ ಸಿಗದಿದ್ದರೆ ಆ ಫೋನ್ ಮಾಡಿದ್ದಕ್ಕೆ ನಿಮ್ಮ ಹತ್ತಿರ ಏನೂ ದಾಖಲೆ ಇರುವುದಿಲ್ಲ.

## ಪತ್ರ ಬರೆಯುವಾಗ

"ಎರಡು ಸಲ ಕಟ್ ಆಗಿದೆ, ಒಂದು ವಾಪಸ್ ಕೊಡಿ" ಅಂತ ಬರೆದರೆ ಸಾಕಲ್ವಾ?

ಸಾಲದು. ಹೆಚ್ಚಿನ ದೂರುಗಳು ಬಿದ್ದುಹೋಗುವುದು ಇಲ್ಲೇ. ದೂರು ನೋಡುವವರ ಪರದೆಯಲ್ಲಿ ಏನು ಕಾಣುತ್ತದೆ ಅಂತ ಯೋಚನೆ ಮಾಡಿ. ಎರಡು ವಹಿವಾಟು, ಎರಡು ನಂಬರ್, ಎರಡಕ್ಕೂ ಗ್ರಾಹಕರೇ ಪಿನ್ ಹಾಕಿದ್ದಾರೆ, ಎರಡರಲ್ಲೂ ಖಾತೆಯಿಂದ ದುಡ್ಡು ಹೋಗಿದೆ. "ಡಬಲ್ ಡೆಬಿಟ್" ಅನ್ನೋ ದೂರಿಗೆ ಅವರು ಕೊಡಬಹುದಾದ ಸುಲಭದ ಉತ್ತರ: "ಇವು ಎರಡು ಪ್ರತ್ಯೇಕ ವಹಿವಾಟುಗಳು, ಎರಡೂ ನಿಮ್ಮಿಂದಲೇ ದೃಢೀಕೃತ." ಅಷ್ಟಕ್ಕೆ ದೂರು ಕ್ಲೋಸ್.

ನಿಮ್ಮ ತಕರಾರು ಇರುವುದು ಒಂದೇ ವಹಿವಾಟಿನ ಮೇಲೆ: ಫೇಲ್ ಆದ ಮೊದಲನೆಯದರ ಮೇಲೆ. ಎರಡನೆಯದು ಸರಿಯಾಗಿ ಹೋಗಿದೆ, ಅದರ ಬಗ್ಗೆ ನಿಮಗೆ ದೂರಿಲ್ಲ. ಮೊದಲನೆಯದು ಫೇಲ್ ಆಗಿದ್ದರಿಂದಲೇ ಮತ್ತೆ ಕೊಡಬೇಕಾಯಿತು ಅನ್ನೋದಕ್ಕೆ ಅದು ಸಾಕ್ಷಿ, ಅಷ್ಟೇ. ಹೀಗೆ ಬರೆದಾಗ ದೂರು "ವಿಫಲ ವಹಿವಾಟು, ದುಡ್ಡು ತಲುಪಿಲ್ಲ" ಅನ್ನೋ ಸಾಲಿಗೆ ಸೇರುತ್ತದೆ, 2019ರ ಸುತ್ತೋಲೆ ನೇರವಾಗಿ ಅನ್ವಯಿಸುತ್ತದೆ. ದೂರು ಫಾರ್ಮಿನಲ್ಲಿ ವಿಧ ಆರಿಸುವಾಗಲೂ ಹೀಗೇ: "ಖಾತೆಯಿಂದ ಕಡಿತವಾಗಿದೆ, ಫಲಾನುಭವಿಗೆ ಜಮಾ ಆಗಿಲ್ಲ" ಅನ್ನೋ ಅರ್ಥದ ಆಯ್ಕೆ ಹುಡುಕಿ.

ಪತ್ರ ಹೇಗಿರಬೇಕು? ಒಂದು ಮಾದರಿ ಕೊಡಿ.

ಉದ್ದ ಬೇಡ. ಎಷ್ಟು ತೊಂದರೆ ಆಯಿತು ಅಂತ ಮೊದಲ ಸಾಲಿನಲ್ಲಿ ಬರೆಯಬೇಡಿ, ನಂಬರಿನಿಂದ ಶುರು ಮಾಡಿ. ಕನ್ನಡದಲ್ಲೇ ಬರೆಯಿರಿ, ಅಂಕಿಗಳು ಮಾತ್ರ ಸ್ಟೇಟ್‌ಮೆಂಟಿನಲ್ಲಿ ಇದ್ದ ಹಾಗೇ ಇರಲಿ.

> ವಿಷಯ: 03-03ರ ವಿಫಲ ಯುಪಿಐ ವಹಿವಾಟು, ಆರ್‌ಆರ್‌ಎನ್ 506214778120, ₹2,450 ವಾಪಸಾತಿ ಮತ್ತು ವಿಳಂಬ ಪರಿಹಾರ
>
> ಮಾನ್ಯರೇ,
>
> ನಿಮ್ಮ ಬ್ಯಾಂಕಿನ ನನ್ನ ಉಳಿತಾಯ ಖಾತೆಯಿಂದ (ಕೊನೆಯ ನಾಲ್ಕು ಅಂಕಿ ....) ಮಾರ್ಚ್ 3ರಂದು ಸಂಜೆ 6.42ಕ್ಕೆ ಅಂಗಡಿಯೊಂದಕ್ಕೆ ₹2,450 ಪಾವತಿ ಮಾಡಿದೆ. ಯುಪಿಐ ಐಡಿ: .... ಆರ್‌ಆರ್‌ಎನ್ 506214778120. ಆ್ಯಪ್‌ನಲ್ಲಿ ವಹಿವಾಟು ವಿಫಲ ಎಂದು ತೋರಿಸಿತು. ಖಾತೆಯಿಂದ ಮಾತ್ರ ಹಣ ಕಡಿತವಾಗಿದೆ.
>
> ಅಂಗಡಿಯವರಿಗೆ ಈ ಹಣ ತಲುಪಿಲ್ಲ. ಅವರು ಕೊಟ್ಟ ಲಿಖಿತ ಹೇಳಿಕೆ ಲಗತ್ತಿಸಿದ್ದೇನೆ. ಅದೇ ಬಿಲ್ಲಿಗೆ ಸಂಜೆ 6.46ಕ್ಕೆ ಮತ್ತೆ ₹2,450 ಕೊಟ್ಟಿದ್ದೇನೆ (ಆರ್‌ಆರ್‌ಎನ್ 506214791365). ಆ ಎರಡನೇ ವಹಿವಾಟಿನ ಬಗ್ಗೆ ನನ್ನ ದೂರು ಇಲ್ಲ.
>
> ಇಂದು ಮಾರ್ಚ್ 10. ಮೊದಲ ವಹಿವಾಟಿನ ಹಣ ಇನ್ನೂ ವಾಪಸ್ ಬಂದಿಲ್ಲ. ರಿಸರ್ವ್ ಬ್ಯಾಂಕಿನ 20-09-2019ರ ಸುತ್ತೋಲೆ `DPSS.CO.PD No.629/02.01.014/2019-20` ಪ್ರಕಾರ ಇದು ಮಾರ್ಚ್ 8ರೊಳಗೆ ಬರಬೇಕಿತ್ತು. ದಯವಿಟ್ಟು:
>
> 1. ₹2,450 ನನ್ನ ಖಾತೆಗೆ ಜಮಾ ಮಾಡಿ.
> 2. ಮಾರ್ಚ್ 9ರಿಂದ ಜಮಾ ಆಗುವ ದಿನದವರೆಗೆ ದಿನಕ್ಕೆ ₹100ರಂತೆ ಪರಿಹಾರ ಕೊಡಿ.
> 3. ಜಮಾ ಮಾಡಲು ಆಗುವುದಿಲ್ಲವೆಂದರೆ, ಅಂಗಡಿಯವರ ಬ್ಯಾಂಕಿನಿಂದ ಈ ಆರ್‌ಆರ್‌ಎನ್‌ಗೆ ಟಿಸಿಸಿ ಬಂದಿದೆಯೇ, ರಿಟರ್ನ್ ಬಂದಿದೆಯೇ, ಯಾವ ದಿನ ಎಂದು ಲಿಖಿತವಾಗಿ ತಿಳಿಸಿ.
>
> ದೂರಿನ ಸಂಖ್ಯೆಯನ್ನು ಈ ಇಮೇಲ್‌ಗೆ ಉತ್ತರವಾಗಿ ಕಳಿಸಿ.
>
> ಇಂತಿ, (ಹೆಸರು, ನೋಂದಾಯಿತ ಮೊಬೈಲ್ ಸಂಖ್ಯೆ)

ಮೂರನೇ ಬೇಡಿಕೆಯನ್ನು ಬಿಡಬೇಡಿ. ಉಳಿದ ಎರಡಕ್ಕೆ ಬ್ಯಾಂಕು "ಪರಿಶೀಲನೆಯಲ್ಲಿದೆ" ಅಂತ ಹೇಳಿ ಸುಮ್ಮನಾಗಬಹುದು. ಮೂರನೆಯದಕ್ಕೆ ಒಂದು ನಿಖರವಾದ ಉತ್ತರ ಬೇಕೇ ಬೇಕು.

ಏನೇನು ಜೊತೆಗೆ ಹಾಕಬೇಕು, ಏನು ಹಾಕಬಾರದು?

ಸ್ಟೇಟ್‌ಮೆಂಟಿನ ಆ ಪುಟ ಪಿಡಿಎಫ್‌ನಲ್ಲಿ, ಎರಡೂ ಸಾಲು ಕಾಣುವ ಹಾಗೆ. ಆ್ಯಪ್‌ನಲ್ಲಿ ಫೇಲ್ ಅಂತ ತೋರಿಸಿದ ಪರದೆಯ ಸ್ಕ್ರೀನ್‌ಶಾಟ್, ಸಮಯ ಮತ್ತು ನಂಬರ್ ಕಾಣುವಂತೆ. ಇದನ್ನು ಅವತ್ತೇ ತೆಗೆದಿಡಿ, ಯಾಕೆಂದರೆ ಆ್ಯಪ್‌ನಲ್ಲಿ ಆ ಸ್ಥಿತಿ ಆಮೇಲೆ ಬದಲಾಗಬಹುದು. ಅಂಗಡಿಯವರ ಮೆಸೇಜ್, ಬಿಲ್ಲು. ಇಷ್ಟು ಸಾಕು.

ಪಿನ್, ಒಟಿಪಿ, ಕಾರ್ಡಿನ ಪೂರ್ತಿ ನಂಬರ್, ಸಿವಿವಿ ಯಾವತ್ತೂ ಬೇಡ. ದೂರು ನೋಡುವವರಿಗೆ ಇವುಗಳ ಅಗತ್ಯವೇ ಇಲ್ಲ. ಇನ್ನೊಂದು ಮಾತು, ದಯವಿಟ್ಟು ಮನೆಯ ಹಿರಿಯರಿಗೂ ಹೇಳಿ: ಗೂಗಲ್‌ನಲ್ಲಿ ಹುಡುಕಿ ಸಿಕ್ಕಿದ ಕಸ್ಟಮರ್ ಕೇರ್ ನಂಬರಿಗೆ ಫೋನ್ ಮಾಡಬೇಡಿ, ಬ್ಯಾಂಕಿನ ಆ್ಯಪ್ ಅಥವಾ ಪಾಸ್‌ಬುಕ್ಕಿನಲ್ಲಿ ಇರುವ ನಂಬರಿಗೇ ಮಾಡಿ. ಸೋಷಿಯಲ್ ಮೀಡಿಯಾದಲ್ಲಿ ಬ್ಯಾಂಕಿನ ಹೆಸರು ಹಾಕಿ ದೂರು ಬರೆದವರಿಗೆ ಮೋಸಗಾರರು ತಾವೇ ಬ್ಯಾಂಕಿನವರು ಅಂತ ಮೆಸೇಜ್ ಮಾಡುತ್ತಾರೆ. ವಾಪಸ್ ಬರುವ ದುಡ್ಡಿಗೆ ಪಿನ್ ಒತ್ತಬೇಕಾಗಿಲ್ಲ. ಪಿನ್ ಕೇಳಿದರೆ ದುಡ್ಡು ಹೋಗುತ್ತಿದೆ ಅಂತಲೇ ಅರ್ಥ.

ದಿನಕ್ಕೆ ನೂರು ರೂಪಾಯಿ ನಿಜವಾಗ್ಲೂ ಕೊಡ್ತಾರಾ? ಲೆಕ್ಕ ಹೇಗೆ?

ಕೊಡಬೇಕು. ಗ್ರಾಹಕರು ಕೇಳುವವರೆಗೆ ಕಾಯದೆ ಬ್ಯಾಂಕು ತಾನಾಗೇ ಜಮಾ ಮಾಡಬೇಕು ಅಂತ ಅದೇ ಸುತ್ತೋಲೆಯಲ್ಲಿದೆ. ಆದರೂ ಪತ್ರದಲ್ಲಿ ಕೇಳಿಡಿ. ಎಷ್ಟೋ ಸಲ ಅಸಲು ವಾಪಸ್ ಬರುತ್ತದೆ, ಪರಿಹಾರದ ಸುದ್ದಿಯೇ ಇರುವುದಿಲ್ಲ, ಜನ ದುಡ್ಡು ಬಂತಲ್ಲ ಅಂತ ಬಿಟ್ಟುಬಿಡುತ್ತಾರೆ.

ನಮ್ಮ ಉದಾಹರಣೆಯಲ್ಲಿ ದುಡ್ಡು ಮಾರ್ಚ್ 14ಕ್ಕೆ ವಾಪಸ್ ಬಂತು ಅಂದುಕೊಳ್ಳಿ. ಗಡುವು 8ಕ್ಕೆ ಮುಗಿದಿದೆ. 9, 10, 11, 12, 13, 14, ಒಟ್ಟು 6 ದಿನ ತಡ. ಅಂದರೆ ₹600. ಮೂಲ ಮೊತ್ತ ₹245 ಆಗಿದ್ದರೂ ಇಷ್ಟೇ, ₹24,500 ಆಗಿದ್ದರೂ ಇಷ್ಟೇ. ಇದು ಬಡ್ಡಿಯಲ್ಲ, ತಡ ಮಾಡಿದ್ದಕ್ಕೆ ದಿನದ ಲೆಕ್ಕ.

ಒಂದು ಮಿತಿ ಇದೆ. ಗ್ರಾಹಕರ ಕಡೆಯಿಂದ ತಪ್ಪಾಗದೆ ಪೂರ್ತಿಯಾಗದ ವಹಿವಾಟಿಗೆ ಮಾತ್ರ ಇದು. ಲಿಂಕ್ ಕಡಿದಿದ್ದು, ಸಮಯ ಮೀರಿ ಸೆಷನ್ ನಿಂತಿದ್ದು, ಇಂಥವು ಸೇರುತ್ತವೆ. ನೀವೇ ತಪ್ಪು ಯುಪಿಐ ಐಡಿಗೆ ಕಳಿಸಿ ಅದು ಸೇರಿಬಿಟ್ಟಿದ್ದರೆ ಈ ನಿಯಮದಡಿ ಪರಿಹಾರ ಸಿಗುವುದಿಲ್ಲ.

## ಉತ್ತರ ಬಂದ ಮೇಲೆ

"ನಿಮ್ಮ ದೂರು ಬಗೆಹರಿದಿದೆ" ಅಂತ ಮೆಸೇಜ್ ಬಂತು. ದುಡ್ಡೇ ಬಂದಿಲ್ಲ!

ಹೊಸ ದೂರು ಹಾಕಬೇಡಿ. ಹೊಸದು ಹಾಕಿದರೆ ಹೊಸ ನಂಬರ್, ಹೊಸ ತಾರೀಖು, ಮತ್ತೆ ಮೊದಲಿನಿಂದ. ಹಳೇ ದೂರಿಗೇ ಉತ್ತರವಾಗಿ "ಯಾವ ಆಧಾರದ ಮೇಲೆ ಮುಚ್ಚಿದ್ದೀರಿ" ಅಂತ ಕೇಳಿ, ಬ್ಯಾಂಕಿನ ನೋಡಲ್ ಅಧಿಕಾರಿಗೆ ಕಳಿಸಿ. ಅವರ ಇಮೇಲ್ ಬ್ಯಾಂಕಿನ ವೆಬ್‌ಸೈಟಿನಲ್ಲಿ ದೂರು ಪರಿಹಾರದ ಪುಟದಲ್ಲಿ ಸಿಗುತ್ತದೆ.

ಹೆಚ್ಚಾಗಿ ಬರುವ ಉತ್ತರ "ಫಲಾನುಭವಿ ಬ್ಯಾಂಕು ಜಮಾ ದೃಢಪಡಿಸಿದೆ" ಅನ್ನೋದು. ಅಂದರೆ ಟಿಸಿಸಿ ಬಂದಿದೆ. ಆಗ ಮತ್ತೆ ಅಂಗಡಿಯವರ ಹತ್ತಿರ ಹೋಗಿ, ಬ್ಯಾಂಕು ಹೇಳಿದ ಜಮಾ ದಿನದ ಸ್ಟೇಟ್‌ಮೆಂಟ್ ನೋಡಿಸಿ. ದುಡ್ಡು ಬಂದಿದ್ದರೆ ವಿಷಯ ಅಲ್ಲಿಗೇ ಬಗೆಹರಿಯುತ್ತದೆ, ವಾಪಸ್ ಪಡೆಯಿರಿ. ಬಂದಿಲ್ಲ ಅಂದರೆ ಆ ದಿನದ ಅವರ ಸ್ಟೇಟ್‌ಮೆಂಟ್ ಸಾಲುಗಳ ಪ್ರತಿ ಕೇಳಿ, ಬೇರೆಯವರ ವಿವರ ಮುಚ್ಚಿ ಕೊಟ್ಟರೂ ಸಾಕು. ಅದನ್ನು ಹಾಕಿ "ಟಿಸಿಸಿ ತಪ್ಪಾಗಿದೆ, ಜಮಾ ಆಗಿಲ್ಲ" ಅಂತ ಬರೆಯಿರಿ. ಅಂಗಡಿಯವರೂ ತಮ್ಮ ಬ್ಯಾಂಕಿಗೆ ಅದೇ ನಂಬರ್ ಹಾಕಿ ಒಂದು ದೂರು ಕೊಟ್ಟರೆ ಕೆಲಸ ಬೇಗ ಆಗುತ್ತದೆ, ಯಾಕೆಂದರೆ ಆ ದುಡ್ಡು ಇನ್ನೂ ಇರುವುದು ಅವರ ಬ್ಯಾಂಕಿನಲ್ಲೇ.

ಎರಡೂ ಅಂಗಡಿಗೇ ಹೋಗಿದೆ ಅಂತ ಗೊತ್ತಾಯ್ತು. ಬ್ಯಾಂಕಿನಿಂದ ವಾಪಸ್ ಸಿಗಲ್ವಾ?

ಇಲ್ಲ, ಇಲ್ಲಿ ಬ್ಯಾಂಕಿನ ಮೇಲೆ ದೂರು ನಿಲ್ಲುವುದಿಲ್ಲ. ಎರಡೂ ವಹಿವಾಟು ಪೂರ್ತಿಯಾಗಿವೆ, ದಿನಕ್ಕೆ ನೂರರ ನಿಯಮವೂ ಅನ್ವಯಿಸುವುದಿಲ್ಲ. ಒಂದನ್ನು ಅಂಗಡಿಯವರೇ ವಾಪಸ್ ಕೊಡಬೇಕು. ಎರಡು ನಂಬರ್, ಒಂದು ಬಿಲ್ಲು ತೋರಿಸಿ ಕೇಳಿ. ಆನ್‌ಲೈನ್ ಖರೀದಿ ಆಗಿದ್ದರೆ ಆರ್ಡರ್ ನಂಬರ್ ಜೊತೆ ಅವರಿಗೆ ಬರೆಯಿರಿ. ಆರ್ಡರ್ ಒಂದೇ, ಪಾವತಿ ಎರಡು ಅನ್ನೋದು ಅವರ ವ್ಯವಸ್ಥೆಯಲ್ಲೇ ಕಾಣುತ್ತದೆ.

ನನ್ನ ಸ್ಟೇಟ್‌ಮೆಂಟಿನಲ್ಲಿ ಎರಡೂ ಸಾಲಿಗೆ ಒಂದೇ ನಂಬರ್ ಇದೆ. ಇದೇನು?

ಇದು ನಿಜವಾದ ಡಬಲ್ ಡೆಬಿಟ್. ನೀವು ಒಂದೇ ಸಲ ಪಿನ್ ಹಾಕಿದ್ದೀರಿ, ಬ್ಯಾಂಕಿನ ಲೆಕ್ಕದಲ್ಲಿ ಎರಡು ಸಲ ಕಳೆದಿದೆ. ಅಪರೂಪ, ಆದರೆ ಆಗುತ್ತದೆ. ಇಲ್ಲಿ ಅಂಗಡಿಯವರ ಹೇಳಿಕೆ, ಟಿಸಿಸಿ ಯಾವುದೂ ಬೇಡ. ಪತ್ರದಲ್ಲಿ "ಒಂದೇ ಆರ್‌ಆರ್‌ಎನ್‌ಗೆ ಎರಡು ಕಡಿತ" ಅಂತ ಬರೆದು ಸ್ಟೇಟ್‌ಮೆಂಟ್ ಪುಟ ಹಾಕಿ. ತಪ್ಪು ನಿಮ್ಮ ಬ್ಯಾಂಕಿನ ಒಳಗೇ ಇದೆ, ಇನ್ನೊಂದು ಬ್ಯಾಂಕಿನ ಉತ್ತರಕ್ಕೆ ಕಾಯುತ್ತಿದ್ದೇವೆ ಅಂತ ಹೇಳಿದರೆ ಒಪ್ಪಬೇಡಿ.

ದುಡ್ಡು ಸಿಕ್ಕಿಹಾಕಿಕೊಂಡಿದ್ದರಿಂದ ಇಎಂಐ ಬೌನ್ಸ್ ಆಯ್ತು, ದಂಡ ಬಿತ್ತು. ಅದನ್ನೂ ಕೇಳಬಹುದಾ?

ಕೇಳಿ, ಆದರೆ ಪತ್ರದಲ್ಲಿ ಬೇರೆ ಬೇಡಿಕೆಯಾಗಿ. ಆ ₹2,450 ಖಾತೆಯಲ್ಲಿ ಇದ್ದಿದ್ದರೆ ಇಎಂಐ ಹೋಗುತ್ತಿತ್ತು ಅಂತ ಬ್ಯಾಲೆನ್ಸ್ ಸಾಲು ತೋರಿಸಿ ಲೆಕ್ಕ ಕೊಡಬೇಕು. ಆ ದುಡ್ಡು ಇದ್ದಿದ್ದರೂ ಬ್ಯಾಲೆನ್ಸ್ ಸಾಕಾಗುತ್ತಿರಲಿಲ್ಲ ಅಂದರೆ ಈ ವಾದ ನಿಲ್ಲುವುದಿಲ್ಲ. ಗಡುವು ಮುಗಿಯುವ ಮೊದಲೇ ಬೌನ್ಸ್ ಆಗಿದ್ದರೆ ಒಪ್ಪಿಸುವುದು ಕಷ್ಟ, ಗಡುವಿನ ನಂತರ ಆಗಿದ್ದರೆ ನಿಮ್ಮ ಕೈ ಗಟ್ಟಿ.

ಒಂದು ತಿಂಗಳಾಯ್ತು, ಬ್ಯಾಂಕು ಉತ್ತರನೇ ಕೊಟ್ಟಿಲ್ಲ. ಮುಂದೆ?

ಬ್ಯಾಂಕಿಗೆ ದೂರು ತಲುಪಿ 30 ದಿನದೊಳಗೆ ಉತ್ತರ ಬರದಿದ್ದರೆ, ಇಲ್ಲವೇ ಬಂದ ಉತ್ತರ ಒಪ್ಪಿಗೆ ಆಗದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು. `cms.rbi.org.in` ನಲ್ಲಿ ಆನ್‌ಲೈನ್ ಆಗಿ ಹಾಕಬಹುದು, ಖರ್ಚಿಲ್ಲ. ವಕೀಲರು ಬೇಕಾಗಿಲ್ಲ, ವಕೀಲರ ಮೂಲಕ ಕೊಟ್ಟರೆ ತೆಗೆದುಕೊಳ್ಳುವುದೂ ಇಲ್ಲ. ಹೇಗೆ ಹಾಕುವುದು ಅಂತ ತಿಳಿಯದಿದ್ದರೆ 14448ಕ್ಕೆ ಫೋನ್ ಮಾಡಿ, ಕನ್ನಡದಲ್ಲೂ ಮಾತಾಡಬಹುದು.

ಇಲ್ಲಿ ದೂರು ತಿರಸ್ಕಾರ ಆಗುವ ದೊಡ್ಡ ಕಾರಣ 30 ದಿನ ಆಗುವ ಮೊದಲೇ ಬಂದಿದ್ದು, ಅಥವಾ ಬ್ಯಾಂಕಿಗೆ ಮೊದಲು ಬರೆಯದೇ ನೇರವಾಗಿ ಬಂದಿದ್ದು. ನಮ್ಮ ಉದಾಹರಣೆಯವರು ಮಾರ್ಚ್ 10ಕ್ಕೆ ಬರೆದಿದ್ದಾರೆ, ಉತ್ತರವೇ ಬರದಿದ್ದರೆ ಏಪ್ರಿಲ್ 9 ಕಳೆದ ಮೇಲೆ ಹಾಕಬೇಕು. ಆಮೇಲೆ ಜಾಸ್ತಿ ತಡ ಮಾಡುವುದೂ ಬೇಡ, ಒಂಬುಡ್ಸ್‌ಮನ್‌ಗೆ ಬರಲು ಕೊನೆಯ ಗಡುವೂ ಇದೆ. ಬ್ಯಾಂಕಿಗೆ ಬರೆದ ಪತ್ರ, ದೂರಿನ ನಂಬರ್, ಬಂದ ಉತ್ತರ, ಸ್ಟೇಟ್‌ಮೆಂಟ್ ಪುಟ ಇಷ್ಟನ್ನು ಅಪ್‌ಲೋಡ್ ಮಾಡಿ. ಮೊದಲ ಪತ್ರದ ಮಾತನ್ನೇ ಇಲ್ಲೂ ಹಾಕಿ, ಕಥೆ ಬದಲಿಸಬೇಡಿ. ನಡುವೆ ಅಸಲು ಬಂದು ಪರಿಹಾರ ಮಾತ್ರ ಬಾಕಿ ಉಳಿದಿದ್ದರೆ, ವಾಪಸ್ ಬಂದ ತಾರೀಖು ಬರೆದು ಎಷ್ಟು ದಿನ, ಎಷ್ಟು ರೂಪಾಯಿ ಬಾಕಿ ಅಂತ ಒಂದೇ ಸಾಲಿನಲ್ಲಿ ಕೇಳಿ.